ಮರಿಗೊಂದು ಮನೆ, ತಾಯಿಗೊಂದು ಆಪರೇಷನ್: ಒಂದು ಬೋರ್ಡಿನ ಹಿಂದಿನ ಕಥೆ

ಕಾಸರಗೋಡಿನ ವಿದ್ಯಾನಗರದ ಕಡೆ ನಾವಿರುವ ಓಣಿಯ ಬಾಯಲ್ಲಿ ಈಗ ಒಂದು ಬೋರ್ಡ್ ಇದೆ. ‘ಮರಿಗೊಂದು ಮನೆ, ತಾಯಿಗೊಂದು ಆಪರೇಷನ್, ಮತ್ತೆ ಅದೇ ಬೀದಿ.’ ಕೆಳಗೆ ಮಲಯಾಳದಲ್ಲೂ ಇದೆ: ‘ಕುಞ್ಞಿನೊರು ವೀಡ್, ಅಮ್ಮಯ್ಕ್ಕೊರು ಓಪ್ಪರೇಷನ್...’ ನಾಯಿಗಳ ಆಶ್ರಯ ಕೇಂದ್ರಕ್ಕಾಗಿ ನಾವು ಕೆಲವರು ಕೂತು ಬರೆದದ್ದು. ಇಷ್ಟು ಸಣ್ಣ ಸಾಲಿಗೆ ತಿಂಗಳುಗಟ್ಟಲೆ ಯಾಕೆ ಬೇಕಾಯ್ತು ಅಂತ ತುಂಬ ಜನ ಕೇಳ್ತಾರೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮದರಾಸಿನಲ್ಲಿ 1860ರ ಹೊತ್ತಿಗೇ ಬೀದಿನಾಯಿಗಳನ್ನು ಹಿಡಿದು ಕೊಲ್ಲುವ ಕೆಲಸ ಶುರುವಾಗಿತ್ತು. ನೂರು ವರ್ಷ ಕೊಂದರೂ ನಾಯಿಗಳು ಕಡಿಮೆಯಾಗಲಿಲ್ಲ. 1964ರಲ್ಲಿ ಅಲ್ಲಿನ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವ ಬದಲು ಮರಿ ಆಗದಂತೆ ಆಪರೇಷನ್ ಮಾಡಿ ಬಿಡೋಣ ಎಂದಿತು. ನಗರ ಅದನ್ನು ಒಪ್ಪಿದ್ದು 1996ರಲ್ಲಿ. 2001ರಲ್ಲಿ ಅದು ದೇಶಕ್ಕೆಲ್ಲ ನಿಯಮವಾಯಿತು. ನಮ್ಮ ಕಡೆ ಜನರ ಬಾಯಲ್ಲಿರುವ ‘ಎಬಿಸಿ’, ಅಂದರೆ ಅನಿಮಲ್ ಬರ್ತ್ ಕಂಟ್ರೋಲ್, ಅದೇ. ಹಿಡಿ, ಆಪರೇಷನ್ ಮಾಡು, ರೇಬೀಸ್ ಲಸಿಕೆ ಹಾಕು, ಹಿಡಿದಲ್ಲೇ ಬಿಡು.

ಕೇರಳದಲ್ಲಿ ಕೆಲವು ವರ್ಷ ಹಲವು ಜಿಲ್ಲೆಗಳಲ್ಲಿ ಈ ಕೆಲಸವನ್ನು ರಾಜ್ಯ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಹೆಂಗಸರೇ ಮಾಡಿದರು. ಅವರಿಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇಲ್ಲ ಎಂದು 2021ರ ಕೊನೆಗೆ ಹೈಕೋರ್ಟ್ ಅದನ್ನು ನಿಲ್ಲಿಸಿತು. ನಿಂತ ಕೆಲಸಕ್ಕೆ ಬದಲಿ ವ್ಯವಸ್ಥೆ ಬೇಗ ಬರಲಿಲ್ಲ, ನಾಯಿಗಳ ಹೆರಿಗೆ ಮಾತ್ರ ನಿಲ್ಲಲಿಲ್ಲ. 2001ರ ನಿಯಮದ ಬದಲು 2023ರಲ್ಲಿ ಹೊಸ ನಿಯಮ ಬಂತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮೊದಲು, ದೆಹಲಿ ಸುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಕೇಂದ್ರಗಳಲ್ಲೇ ಇಡಿ ಎಂದಿತು. ಹನ್ನೊಂದೇ ದಿನದಲ್ಲಿ ಅದು ಬದಲಾಯಿತು. ರೇಬೀಸ್ ಇರುವ ಮತ್ತು ಮೇಲೆರಗುವ ನಾಯಿ ಬಿಟ್ಟು ಉಳಿದವನ್ನು ಆಪರೇಷನ್ ಮಾಡಿ ಅದೇ ಜಾಗದಲ್ಲಿ ಬಿಡಿ ಎಂದಾಯಿತು. ನವೆಂಬರ್‌ನಲ್ಲಿ ಮತ್ತೆ, ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೇ ಸ್ಟೇಷನ್‌ಗಳಿಂದ ಹಿಡಿದ ನಾಯಿಯನ್ನು ಅಲ್ಲಿಗೇ ವಾಪಸ್ ಬಿಡಬೇಡಿ ಎಂದಿತು. ಇಷ್ಟೆಲ್ಲ ಆದ ಮೇಲೆ ಜನರಿಗೆ ಗೊಂದಲ ಆಗದೇ ಇರುತ್ತಾ?

ಈ ಗೊಂದಲದ ನಡುವೆಯೇ ನಮ್ಮ ಸಾಲು ಹುಟ್ಟಿದ್ದು. ಮೊದಲ ಸಾಲು ‘ಕೊಳ್ಳಬೇಡಿ, ದತ್ತು ಪಡೆಯಿರಿ’ ಎಂದಿತ್ತು. ನಮ್ಮ ಓಣಿಯಲ್ಲಿ ದುಡ್ಡು ಕೊಟ್ಟು ನಾಯಿ ತಂದವರು ಇಬ್ಬರೋ ಮೂವರೋ. ಉಳಿದವರಿಗೆ ಆ ಮಾತು ತಾಗಲೇ ಇಲ್ಲ. ಎರಡನೇ ಸಾಲಿನಲ್ಲಿ ‘ಸಂತಾನಹರಣ’ ಬರೆದೆವು. ಕಾಗದದ ಮೇಲೆ ಸರಿ, ಆದರೆ ಓದಿದ ಪಕ್ಕದ ಮನೆಯ ಅಕ್ಕ ‘ಹರಣ ಅಂದ್ರೆ ಕದ್ದುಕೊಂಡು ಹೋಗೋದಾ?’ ಎಂದು ಕೇಳಿದರು. ಮಲಯಾಳದ ‘ವಂಧ್ಯಂಕರಣಂ’ ಕೂಡ ಹಾಗೇ ಭಾರ. ಆಪರೇಷನ್ ಅಂದರೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಮಾತಾಡುವವರಿಗೆಲ್ಲ ಒಂದೇ.

‘ನಮ್ಮ ಕಾಲೊನಿ’ ಎಂಬ ಮಾತೂ ಒಂದು ಕರಡಿನಲ್ಲಿತ್ತು. ಕೇರಳದಲ್ಲಿ ಆ ಶಬ್ದಕ್ಕೆ ನೋವು ಅಂಟಿಕೊಂಡಿದೆ. ಪರಿಶಿಷ್ಟ ಜಾತಿ, ಪಂಗಡದವರ ವಸತಿಗಳಿಗೆ ಕಾಲೊನಿ ಎನ್ನುವುದು ಬೇಡ, ನಗರ ಅಥವಾ ಬೇರೆ ಹೆಸರು ಇರಲಿ ಎಂದು 2024ರಲ್ಲಿ ಸರ್ಕಾರವೇ ಆದೇಶ ಮಾಡಿತು. ನಾಯಿಯ ಬೋರ್ಡಿನಲ್ಲಿ ಅದು ಬಂದರೆ ಯಾರಿಗೆ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿದೆವು. ‘ಬೀದಿ’ ಎಂದು ಬದಲಿಸಿದೆವು.

ಆದರೆ ಸಾಲಿನ ಒಳಗಿನ ಅರ್ಥ ಸಿಕ್ಕಿದ್ದು ಶಬ್ದದಿಂದ ಅಲ್ಲ, ನಮ್ಮದೇ ತಪ್ಪಿನಿಂದ.

ಎರಡು ವರ್ಷದ ಹಿಂದೆ ಓಣಿಯಲ್ಲಿ 13 ದೊಡ್ಡ ನಾಯಿಗಳಿದ್ದವು. ಏಳು ಹೆಣ್ಣು, ಆರು ಗಂಡು. ಸುಮಾರು ನೂರಕ್ಕೆ ಎಪ್ಪತ್ತರಷ್ಟಕ್ಕೆ ಆಪರೇಷನ್ ಆಗಬೇಕು ಎನ್ನುವುದು ಈ ಕೆಲಸದವರ ಲೆಕ್ಕ. ಅಂದರೆ ನಮ್ಮಲ್ಲಿ ಒಂಬತ್ತು. ಮೊದಲ ಸಲ ಆರು ಸಿಕ್ಕಿದವು, ನಮಗೆ ಖುಷಿ. ಆದರೆ ಅವುಗಳಲ್ಲಿ ನಾಲ್ಕು ಗಂಡು. ಗಂಡು ನಾಯಿ ಧೈರ್ಯವಾಗಿ ಹತ್ತಿರ ಬರುತ್ತದೆ, ಬೇಗ ಬಲೆಗೆ ಬೀಳುತ್ತದೆ. ಆಪರೇಷನ್ ಆಗದ ಒಂದೇ ಗಂಡು ಉಳಿದರೂ ಸಾಕು, ಐದು ಹೆಣ್ಣೂ ಗಬ್ಬ ಆಗುತ್ತವೆ. ಗಬ್ಬದ ಅವಧಿ ಎರಡು ತಿಂಗಳು ಚಿಲ್ಲರೆ, ವರ್ಷಕ್ಕೆ ಎರಡು ಸಲ ಬೆದೆಗೆ ಬರುವುದು ಸಾಮಾನ್ಯ. ಮರಿಗಳಲ್ಲಿ ಎಷ್ಟೋ ಸಾಯುತ್ತವೆ, ಆದರೂ ವರ್ಷದ ಕೊನೆಗೆ ನಮ್ಮ ಓಣಿಯಲ್ಲಿ 16 ನಾಯಿಗಳಿದ್ದವು.

ಹೆಣ್ಣು ನಾಯಿ ಯಾಕೆ ಸಿಗಲಿಲ್ಲ? ಐದರಲ್ಲಿ ಮೂರು ಹಾಲುಣಿಸುತ್ತಿದ್ದವು. ಮರಿ ಹಾಲು ಬಿಡುವವರೆಗೆ, ಅಂದರೆ ಸುಮಾರು ಎರಡು ತಿಂಗಳು, ತಾಯಿಯನ್ನು ಹಿಡಿಯುವಂತಿಲ್ಲ. ಅದು ಸರಿಯಾದ ನಿಯಮ. ಹಿಡಿದರೆ ಮರಿಗಳು ಸಾಯುತ್ತವೆ. ಎರಡು ತಿಂಗಳಾದ ಮೇಲೆ ಹಿಡಿಯೋಣ ಅಂದುಕೊಂಡೆವು, ಮರೆತೆವು. ಯಾರೋ ಗಂಡು ಮರಿಗಳನ್ನು ಆರಿಸಿಕೊಂಡು ಹೋದರು, ಹೆಣ್ಣು ಮರಿಗಳು ಓಣಿಯಲ್ಲೇ ಉಳಿದವು. ತಾಯಿ ಮತ್ತೆ ಬೆದೆಗೆ ಬಂತು.

ಆಮೇಲೆ ಹೊಳೆಯಿತು. ಮರಿಗೆ ಮನೆ ಸಿಗುವ ದಿನವೂ ತಾಯಿಯ ಆಪರೇಷನ್ ಆಗಬಹುದಾದ ದಿನವೂ ಒಂದೇ. ದತ್ತು ಬೇರೆ, ಆಪರೇಷನ್ ಬೇರೆ ಅಂತ ಎರಡು ಬೋರ್ಡ್ ಬರೆಯುವುದರಲ್ಲೇ ತಪ್ಪಿತ್ತು. ಈಗ ಮರಿ ಹುಟ್ಟಿದ ದಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇವೆ. 60 ದಿನವಾದಾಗ ಮರಿಗಳು ಹೊಸ ಮನೆಗಳಿಗೆ ಹೋಗುತ್ತವೆ, ಅದೇ ವಾರ ತಾಯಿಯನ್ನು ಕೇಂದ್ರಕ್ಕೆ ಕಳಿಸುತ್ತೇವೆ. ಹೆಣ್ಣು ಮರಿ ಒಯ್ದವರ ಫೋನ್ ನಂಬರ್ ಬರೆದುಕೊಳ್ಳುತ್ತೇವೆ, ಯಾಕಂದ್ರೆ ಆರು ತಿಂಗಳು ತುಂಬಿದ ಮೇಲೆ ಅದಕ್ಕೂ ಆಪರೇಷನ್ ಮಾಡಿಸಬೇಕು.

ಹಿಡಿಯುವ ಹಿಂದಿನ ರಾತ್ರಿ ಊಟ ಹಾಕಬಾರದು. ಇದನ್ನು ಒಂದು ಮನೆಗೆ ಹೇಳದೇ ಬಿಟ್ಟದ್ದಕ್ಕೆ ಒಂದು ನಾಯಿ ಹೊಟ್ಟೆ ತುಂಬಿಸಿಕೊಂಡು ಹೋಯಿತು. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಹಾಗಾಗಿ ಅವತ್ತು ಆಪರೇಷನ್ ಮುಂದೂಡಿದರು. ಈಗ ಹಿಂದಿನ ದಿನ ಸಂಜೆಯೇ ಊಟ ಹಾಕುವ ನಾಲ್ಕು ಮನೆಗಳಿಗೆ ಫೋನ್ ಮಾಡುತ್ತೇವೆ.

‘ಮತ್ತೆ ಅದೇ ಬೀದಿ’ ಎಂಬ ಮೂರನೇ ಮಾತಿಗೇ ಜಾಸ್ತಿ ಜಗಳ ಆದದ್ದು. ‘ಒಯ್ದ ಮೇಲೆ ವಾಪಸ್ ಯಾಕೆ ತರ್ತೀರಿ?’ ಎಂದು ಕೇಳಿದವರ ಮನೆಯ ಮಗುವನ್ನು ನಾಯಿ ಒಮ್ಮೆ ಅಟ್ಟಿಸಿಕೊಂಡು ಬಂದಿತ್ತು. ಅವರ ಭಯ ಸುಳ್ಳಲ್ಲ. ಅವರ ಗೇಟಿನ ಬಳಿಯಿಂದ ಊಟದ ಜಾಗವನ್ನು ಓಣಿಯ ಕೊನೆಗೆ, ಮಕ್ಕಳು ಆಡದ ಕಡೆಗೆ ಸ್ಥಳಾಂತರಿಸಿದೆವು. 2023ರ ನಿಯಮದಲ್ಲಿ ಈ ಹೊಣೆ ಇರುವುದು ನಿವಾಸಿಗಳ ಸಂಘದ ಮೇಲೆ. ಊಟಕ್ಕೆ ಹೊತ್ತನ್ನೂ, ಮಕ್ಕಳು ಶಾಲೆಯಿಂದ ಬರುವ ಸಮಯ ಬಿಟ್ಟು ಗೊತ್ತು ಮಾಡಿದೆವು.

ವಾಪಸ್ ತರುವುದಕ್ಕೂ ಕಾರಣ ಇದೆ. ನಾಯಿಯನ್ನು ದೂರ ಬಿಟ್ಟರೆ ಅನ್ನ ಇರುವ ಜಾಗ ಖಾಲಿ ಇರುವುದಿಲ್ಲ. ಆಪರೇಷನ್ ಆಗದ, ಲಸಿಕೆ ಇಲ್ಲದ, ಯಾರಿಗೂ ಗುರುತಿಲ್ಲದ ಇನ್ನೊಂದು ನಾಯಿ ಬರುತ್ತದೆ. ನಮ್ಮ ಒಂದು ನಾಯಿಯನ್ನು ಅಪ್ಪಿತಪ್ಪಿ ಪಕ್ಕದ ಓಣಿಯಲ್ಲಿ ಬಿಟ್ಟಿದ್ದರು. ಎರಡು ದಿನ ಅಲ್ಲಿನ ನಾಯಿಗಳ ಜೊತೆ ಕಚ್ಚಾಡಿ, ಕಾಲು ಗಾಯ ಮಾಡಿಕೊಂಡು ನಮ್ಮ ಓಣಿಗೇ ಬಂತು. ಅದಾದ ಮೇಲೆ ಪ್ರತಿ ನಾಯಿಯ ಫೋಟೋದ ಜೊತೆ ಹಿಡಿದ ಜಾಗವನ್ನೂ ಬರೆದು ಕೊಡುತ್ತೇವೆ.

ಕಿವಿಯ ತುದಿಯಲ್ಲಿ ವಿ ಆಕಾರದಲ್ಲಿ ಸಣ್ಣಗೆ ಕತ್ತರಿಸಿದ ಗುರುತು ಇದ್ದರೆ ಆಪರೇಷನ್ ಆಗಿದೆ ಎಂದು ತಿಳಿಯಬೇಕು. ಲಸಿಕೆಯ ಲೆಕ್ಕ ಬೇರೆ, ಆ ಗುರುತು ಈ ವರ್ಷದ ಲಸಿಕೆಗೆ ಸಾಕ್ಷಿ ಅಲ್ಲ. ರೇಬೀಸ್ ಚುಚ್ಚುಮದ್ದು ಪ್ರತಿ ವರ್ಷ ಮತ್ತೆ ಬೇಕು.

ನಮ್ಮ ಓಣಿಯಲ್ಲಿ ಈಗ ಗುರುತಿಲ್ಲದ ಹೆಣ್ಣು ಒಂದೇ ಉಳಿದಿದೆ. ನೀರಿನ ಟ್ಯಾಂಕಿನ ಹಿಂದೆ ಐದು ಮರಿ ಹಾಕಿದೆ. ಇವತ್ತಿಗೆ 41 ದಿನ. ಎರಡು ಮರಿಗಳಿಗೆ ಮನೆ ಗೊತ್ತಾಗಿದೆ, ಎರಡೂ ಗಂಡು. ಮೂರು ಹೆಣ್ಣು ಮರಿಗಳಿಗೆ ಮನೆ ಹುಡುಕಲು ಇನ್ನು 19 ದಿನ ಇದೆ.