ಎರಡೇ ದಿನಕ್ಕೆ ನೋವು ಹೋಯಿತೆಂದರೆ

"ಡಾಕ್ಟ್ರೇ, ಎರಡೇ ದಿನಕ್ಕೆ ಮಂಡಿ ನೋವು ಹೋಯ್ತು. ಬರೀ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಎಂದರು ಅರವತ್ತರ ಆಸುಪಾಸಿನ ಆ ಹೆಂಗಸು. ಆನ್‌ಲೈನ್‌ನಲ್ಲಿ ತರಿಸಿದ ಕ್ಯಾಪ್ಸೂಲನ್ನು ನಾಲ್ಕು ತಿಂಗಳಿಂದ ನುಂಗುತ್ತಿದ್ದರು. ನನಗೆ ಅನುಮಾನ ಬಂದದ್ದೇ ಆ 'ಎರಡೇ ದಿನ' ಎಂಬ ಮಾತಿಗೆ. ಸವೆದ ಮಂಡಿಯ ನೋವು ಅಷ್ಟು ಬೇಗ ಪೂರ್ತಿ ಇಳಿದರೆ, ಒಳಗೆ ಸ್ಟೀರಾಯ್ಡ್ ಅಥವಾ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೆರೆತಿದೆಯೇ ಎಂದು ಕೇಳಲೇಬೇಕು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದ ಕೀಲುನೋವಿನ ಪೂರಕವೊಂದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮತ್ತು ಡೈಕ್ಲೋಫೆನಾಕ್ ಎರಡೂ ಇದ್ದವು. ಲೇಬಲ್ ಮೇಲೆ ಎರಡರ ಹೆಸರೂ ಇರಲಿಲ್ಲ.

ಉಳಿದದ್ದನ್ನು ಅವರ ಮೈಯೇ ಹೇಳುತ್ತಿತ್ತು. ಮುಖ ದುಂಡಗಾಗಿತ್ತು. ಹಸಿವು ಜಾಸ್ತಿ, ನಿದ್ದೆ ಕಡಿಮೆ. ತೋಳಿನಲ್ಲಿ ಸುಮ್ನೆ ತಾಗಿದರೂ ನೀಲಿ ಕಲೆ. ಹತೋಟಿಯಲ್ಲಿದ್ದ ಸಕ್ಕರೆ ಏರಿತ್ತು. ಇವು ಒಂದೊಂದಾಗಿ ಬಂದರೆ ಏನೂ ಅನ್ನಿಸುವುದಿಲ್ಲ. ಹೊಸ ಕ್ಯಾಪ್ಸೂಲ್ ಶುರುವಾದ ಮೇಲೆ ಒಟ್ಟಿಗೆ ಬಂದರೆ ಸ್ಟೀರಾಯ್ಡ್ ನೆನಪಾಗಬೇಕು.

ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದು ಕಾರ್ಟಿಸೋಲ್ ನೋಡಿಸಿದೆ. ಅದು ದೇಹವೇ ತಯಾರಿಸುವ ಸ್ಟೀರಾಯ್ಡ್. ತೀರಾ ಕಡಿಮೆ ಇತ್ತು. ವಿಚಿತ್ರ ಅಲ್ವಾ? ಮೈಯಲ್ಲಿ ಸ್ಟೀರಾಯ್ಡ್ ಹೆಚ್ಚಾದ ಲಕ್ಷಣ, ರಕ್ತದಲ್ಲಿ ಇಲ್ಲವೇ ಇಲ್ಲ! ಕಾರಣ ಸರಳ. ಹೊರಗಿನ ಸ್ಟೀರಾಯ್ಡ್ ಸಿಗುತ್ತಿದ್ದಂತೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿತ್ತು. ಡೆಕ್ಸಾಮೆಥಾಸೋನ್ ಸಾಮಾನ್ಯವಾಗಿ ಕಾರ್ಟಿಸೋಲ್ ಪರೀಕ್ಷೆಗೆ ಸಿಗುವುದಿಲ್ಲ. ಪ್ರೆಡ್ನಿಸೋಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಆದರೆ ಕೆಲವು ಪರೀಕ್ಷೆಗಳು ಅದನ್ನೇ ಕಾರ್ಟಿಸೋಲ್ ಎಂದು ಎಣಿಸಿಬಿಡುತ್ತವೆ, ಆಗ ಈ ಸುಳಿವು ಕೈಕೊಡುತ್ತದೆ.

"ಹಾಗಾದ್ರೆ ಇವತ್ತೇ ಬಿಸಾಡ್ತೀನಿ" ಎಂದರು. ನಾನು ತಡೆದೆ. ಹಿಂದೊಮ್ಮೆ ಒಂದು ವಾರ ಕ್ಯಾಪ್ಸೂಲ್ ತಪ್ಪಿದಾಗ ವಾಂತಿ, ಸುಸ್ತು, ಎದ್ದು ನಿಂತರೆ ತಲೆಸುತ್ತು ಆಗಿತ್ತಂತೆ. ಗ್ರಂಥಿ ಮಲಗಿರುವಾಗ ಹೊರಗಿನದ್ದೂ ಥಟ್ಟನೆ ನಿಂತರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಆ ಕ್ಯಾಪ್ಸೂಲಿನ ಬದಲು ಪ್ರಮಾಣ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿದೆ. ಕೆಲವೇ ದಿನ ತೆಗೆದುಕೊಂಡವರಿಗೆ ಸಾಮಾನ್ಯವಾಗಿ ಇಷ್ಟೆಲ್ಲ ಬೇಕಾಗುವುದಿಲ್ಲ. ಆದರೆ ವಾರಗಟ್ಟಲೆ ನುಂಗಿದ್ದರೆ ನಿಲ್ಲಿಸುವ ಮೊದಲು ವೈದ್ಯರಿಗೆ ತೋರಿಸಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಅವರ ಡಬ್ಬಿಯಲ್ಲಿ ತಯಾರಕರ ವಿಳಾಸ ಇರಲಿಲ್ಲ, ಬ್ಯಾಚ್ ನಂಬರೂ ಇಲ್ಲ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ' ಎಂದಿತ್ತು. ಬರೀ ಬೇರು ಸೊಪ್ಪಿನ ಪುಡಿಯಾಗಿದ್ದರೆ ಈ ಮಾತು ಯಾಕೆ ಬೇಕಿತ್ತು? ಉಳಿದ ಕ್ಯಾಪ್ಸೂಲ್‌ಗಳನ್ನು ಲ್ಯಾಬಿಗೆ ಕಳಿಸಿದೆವು, ಡೆಕ್ಸಾಮೆಥಾಸೋನ್ ಸಿಕ್ಕಿತು. ಸಿಗದೇ ಇದ್ದಿದ್ದರೂ ನನ್ನ ಅನುಮಾನ ಹೋಗುತ್ತಿರಲಿಲ್ಲ. ಇಂಥವರು ಒಂದು ಬ್ಯಾಚಿನಲ್ಲಿ ಬೆರೆಸಿದ್ದನ್ನು ಮುಂದಿನದರಲ್ಲಿ ಬೆರೆಸದೆಯೂ ಇರಬಹುದು.