ಕಡಿಮೆ ಸಂಬಳದ ಆಫರ್ ಬಂದಾಗ ಮೊದಲು ಏನು ಕೇಳಬೇಕು?

ಪ್ರಶ್ನೆ: ಸಂದರ್ಶನಗಳೆಲ್ಲ ಚೆನ್ನಾಗಿ ನಡೆದವು, ಕೆಲಸವೂ ಇಷ್ಟವಾಗಿದೆ. ಆದರೆ ಬಂದಿರುವ ಆಫರ್ ನಾನು ನಿರೀಕ್ಷಿಸಿದ್ದಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ ಇದೆ. ಒಪ್ಪಿಕೊಳ್ಳಲೇ, ಹೆಚ್ಚು ಕೇಳಲೇ, ಬೇಡವೆಂದುಬಿಡಲೇ?

ಉತ್ತರ: ಈ ಮೂರರಲ್ಲಿ ಯಾವುದನ್ನೂ ಸದ್ಯಕ್ಕೆ ಮಾಡಬೇಡಿ. ನಿಮ್ಮ ಕೈಯಲ್ಲಿರುವುದು ಒಂದು ಅಂಕಿ ಮಾತ್ರ, ಆ ಅಂಕಿ ಎಲ್ಲಿಂದ ಬಂತೆಂಬುದು ನಿಮಗಿನ್ನೂ ತಿಳಿದಿಲ್ಲ. ಸ್ವಲ್ಪ ದೊಡ್ಡ ಸಂಸ್ಥೆಗಳಲ್ಲಿ ಪ್ರತಿಯೊಂದು ಹುದ್ದೆಯೂ ಒಂದು ಗ್ರೇಡ್‌ಗೆ ಸೇರಿರುತ್ತದೆ, ಪ್ರತಿ ಗ್ರೇಡ್‌ಗೂ ಕನಿಷ್ಠ ಮತ್ತು ಗರಿಷ್ಠ ಮಿತಿಯುಳ್ಳ ಒಂದು ವೇತನ ಶ್ರೇಣಿ ಇರುತ್ತದೆ. ನಿಮಗೆ ಹೇಳಿದ ಮೊತ್ತ ಆ ಶ್ರೇಣಿಯ ಯಾವ ಭಾಗದಲ್ಲಿ ಬಿದ್ದಿದೆ ಎಂಬುದರ ಮೇಲೆ ಆಫರ್‌ನ ಅರ್ಥವೇ ಬದಲಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ನೀವು ನಿರೀಕ್ಷಿಸಿದ್ದು 100, ಬಂದದ್ದು 80 ಎಂದಿಟ್ಟುಕೊಳ್ಳಿ. ಆ ಗ್ರೇಡ್‌ನ ಶ್ರೇಣಿ 75ರಿಂದ 115ರವರೆಗೆ ಇದ್ದರೆ, ನಿಮ್ಮನ್ನು ತಳದ ಹತ್ತಿರ ಕೂರಿಸಿದ್ದಾರೆ, ಮೇಲೆ ಬೇಕಾದಷ್ಟು ಜಾಗವಿದೆ. ವರ್ಷಕ್ಕೆ ಶೇ. 8ರಷ್ಟು ಹೆಚ್ಚಳ ಸಿಕ್ಕಿದರೂ ಸಂಬಳ 86.4, 93.3 ಎಂದು ಏರುತ್ತಾ ಮೂರನೇ ಪರಿಷ್ಕರಣೆಗೆ 100 ದಾಟುತ್ತದೆ. ಅದೇ ಶ್ರೇಣಿ 60ರಿಂದ 84 ಆಗಿದ್ದರೆ, 80 ಎಂಬುದು ಆಗಲೇ ತಾರಸಿಗೆ ತಲೆ ತಾಗುವ ಎತ್ತರ. ಮೊದಲ ವರ್ಷದ ಶೇ. 8 ಕೂಡ ಪೂರ್ತಿಯಾಗಿ ಹಿಡಿಸದು. ಅಲ್ಲಿಂದ ಮುಂದೆ ಬಡ್ತಿ ಸಿಗದೆ ಸಂಬಳ ಏರುವುದು ಕಷ್ಟ. ಈ ಎರಡನೆಯ ಸಂದರ್ಭದಲ್ಲಿ ತೊಂದರೆ ಇರುವುದು ಹಣದಲ್ಲಲ್ಲ, ನಿಮ್ಮನ್ನು ಇಟ್ಟಿರುವ ಗ್ರೇಡ್‌ನಲ್ಲಿ. ಅಲ್ಲಿ ಎರಡು ಮೂರು ಹೆಚ್ಚಿಗೆ ಕೊಡಿಸಿಕೊಳ್ಳಲು ಹೆಣಗುವುದು ವ್ಯರ್ಥ. ಮೇಲಿನ ಗ್ರೇಡ್‌ಗೆ ಪರಿಗಣಿಸಿ ಎಂದು, ನಿಮ್ಮ ಅನುಭವವನ್ನು ಮುಂದಿಟ್ಟು ಕೇಳಬೇಕು.

ಕೇಳುವ ಕ್ರಮವೂ ಮುಖ್ಯ. ನೀವೇ ಮೊದಲು ಒಂದು ಅಂಕಿ ಹೇಳಿಬಿಟ್ಟರೆ ಮಾತುಕತೆ ಆ ಎರಡು ಅಂಕಿಗಳ ನಡುವಿನ ಎಳೆದಾಟಕ್ಕೆ ಇಳಿಯುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ಕೇಳಿದರೆ ಉತ್ತರಿಸುವ ಅಗತ್ಯ ಅವರಿಗಿರುವುದಿಲ್ಲ. ಆದ್ದರಿಂದ ಆಫರ್ ಬಂದ ದಿನವೋ ಮರುದಿನವೋ ಹೀಗೆ ಬರೆಯಿರಿ: "ಆಫರ್‌ಗಾಗಿ ಧನ್ಯವಾದಗಳು. ಈ ಕೆಲಸದಲ್ಲಿ ನನಗೆ ನಿಜವಾಗಿ ಆಸಕ್ತಿಯಿದೆ. ಮೊತ್ತ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ಇರುವುದರಿಂದ, ತೀರ್ಮಾನಿಸುವ ಮುನ್ನ ಎರಡು ವಿಷಯ ತಿಳಿಯಬಯಸುತ್ತೇನೆ. ಈ ಹುದ್ದೆ ಯಾವ ಗ್ರೇಡ್‌ನಲ್ಲಿದೆ, ಅದರ ವೇತನ ಶ್ರೇಣಿ ಎಷ್ಟು, ನನ್ನ ಮೊತ್ತವನ್ನು ಯಾವ ಆಧಾರದ ಮೇಲೆ ನಿಗದಿ ಮಾಡಿದಿರಿ? ಮುಂದಿನ ಗ್ರೇಡ್‌ಗೆ ಹೋಗಲು ಏನೇನು ಸಾಧಿಸಿರಬೇಕು, ಸಾಮಾನ್ಯವಾಗಿ ಎಷ್ಟು ಕಾಲ ಹಿಡಿಯುತ್ತದೆ?" ಉತ್ತರ ಕೊಡಲು ನಿಮಗಿರುವ ಗಡುವು ಹತ್ತಿರವಿದ್ದರೆ ಅದೇ ಪತ್ರದಲ್ಲಿ ಎರಡು ಮೂರು ದಿನ ಹೆಚ್ಚಿಗೆ ಕೇಳಿಕೊಳ್ಳಿ.

ಶ್ರೇಣಿಯನ್ನು ಹೇಳಲು ಕೆಲವರು ಒಪ್ಪುವುದಿಲ್ಲ. ಅಮೆರಿಕದ ಕೊಲರಾಡೊದಂಥ ಕಡೆ 2021ರಿಂದ ಉದ್ಯೋಗ ಪ್ರಕಟಣೆಯಲ್ಲೇ ಅದನ್ನು ತಿಳಿಸಬೇಕೆಂಬ ಕಾನೂನಿದೆ, ಆದರೆ ಎಲ್ಲ ಕಡೆ ಇಲ್ಲ. ಅಂಕಿ ಹೇಳಲಾಗದು ಎಂದರೆ, "ನನ್ನ ಮೊತ್ತ ಶ್ರೇಣಿಯ ಕೆಳಭಾಗದಲ್ಲಿದೆಯೇ, ನಡುವಿನಲ್ಲಿದೆಯೇ, ಮೇಲ್ಭಾಗದಲ್ಲಿದೆಯೇ?" ಎಂದು ಕೇಳಿ. ಇಷ್ಟಕ್ಕೆ ಬಹುತೇಕ ಎಚ್‌ಆರ್‌ನವರು ಉತ್ತರಿಸುತ್ತಾರೆ, ನಿಮಗೆ ಬೇಕಾದ ಮಾಹಿತಿಯ ಮುಖ್ಯ ಪಾಲು ಅದರಲ್ಲೇ ಇರುತ್ತದೆ. ಚಿಕ್ಕ ಸಂಸ್ಥೆಯಲ್ಲಿ ಶ್ರೇಣಿ ಎಂಬುದೇ ಇರದಿರಬಹುದು; ಅಲ್ಲಿ ಸಂಬಳವನ್ನು ಯಾರು, ಯಾವಾಗ ಪರಿಷ್ಕರಿಸುತ್ತಾರೆ ಎಂಬುದನ್ನೇ ಕೇಳಬೇಕಾಗುತ್ತದೆ.

ಬೆಳವಣಿಗೆಯ ಬಗ್ಗೆ ಬರುವ ಉತ್ತರವನ್ನು ಮಾತ್ರ ತುಂಬ ಎಚ್ಚರದಿಂದ ಓದಬೇಕು. "ಇಲ್ಲಿ ಬೆಳೆಯಲು ಬಹಳ ಅವಕಾಶವಿದೆ" ಎಂಬುದು ಉತ್ತರವೇ ಅಲ್ಲ. ಕೆಲಸದ ಮೇಲಧಿಕಾರಿಯಾಗಲಿರುವವರನ್ನೇ, "ನಿಮ್ಮ ತಂಡದಲ್ಲಿ ಈ ಗ್ರೇಡ್‌ನಿಂದ ಕೊನೆಯ ಬಾರಿ ಬಡ್ತಿ ಪಡೆದವರು ಅದಕ್ಕೆ ಮೊದಲು ಏನು ಮಾಡಿದ್ದರು?" ಎಂದು ಕೇಳಿನೋಡಿ. ನಿಜವಾಗಿ ದಾರಿಯಿದ್ದರೆ ಅವರು ಒಬ್ಬರ ಕೆಲಸವನ್ನು ನೆನೆದು ಹೇಳುತ್ತಾರೆ. ಇಲ್ಲದಿದ್ದರೆ ಮಾತು ಮತ್ತೆ ಅವಕಾಶ, ಕಲಿಕೆ ಎಂಬ ಪದಗಳಿಗೆ ಜಾರುತ್ತದೆ. ಇನ್ನೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇಲ್ಲಿಯೇ. ವಾರ್ಷಿಕ ಪರಿಷ್ಕರಣೆಗೆ ಅರ್ಹರಾಗಲು ಇಂತಿಷ್ಟು ದಿನಾಂಕಕ್ಕೆ ಮೊದಲೇ ಸೇರಿರಬೇಕೆಂಬ ನಿಯಮ ಅನೇಕ ಕಡೆ ಇರುತ್ತದೆ. ಅದು ತಪ್ಪಿದರೆ ಮೊದಲ ಹೆಚ್ಚಳಕ್ಕೆ ಒಂದೂವರೆ ವರ್ಷದಷ್ಟು ಕಾಯಬೇಕಾಗಬಹುದು, ಆಗ ಮೇಲಿನ ಮೂರು ಪರಿಷ್ಕರಣೆಯ ಲೆಕ್ಕವೇ ಮುಂದಕ್ಕೆ ಹೋಗುತ್ತದೆ. ಸೇರುವ ದಿನವನ್ನು ಒಪ್ಪಿಕೊಳ್ಳುವ ಮುನ್ನ ಇದನ್ನು ಕೇಳಿ.

ಉತ್ತರಗಳು ಬಂದು ನೀವು ಶ್ರೇಣಿಯ ತಳದಲ್ಲಿರುವುದು ಖಚಿತವಾದರೆ, ಹೆಚ್ಚು ಕೇಳಲು ಈಗ ಆಧಾರವಿದೆ: ಹುದ್ದೆಗೆ ಬೇಕಾದ ಯಾವ ಕೆಲಸವನ್ನು ಈಗಾಗಲೇ ಮಾಡಿದ್ದೀರೆಂದು ತೋರಿಸಿ, ಶ್ರೇಣಿಯ ನಡುವಿಗೆ ಹತ್ತಿರದ ಮೊತ್ತವನ್ನು ಕೇಳಬಹುದು. "ಈಗ ಆಗದು, ಆರು ತಿಂಗಳ ನಂತರ ನೋಡೋಣ" ಎಂದರೆ, ಆ ಪರಿಶೀಲನೆಯ ತಿಂಗಳನ್ನೂ ಅಳೆಯುವ ಮಾನದಂಡವನ್ನೂ ಆಫರ್ ಲೆಟರ್‌ನಲ್ಲಿ ಸೇರಿಸಲು ಕೋರಿ. ಮಾತು ಕೊಟ್ಟವರು ಅಷ್ಟರಲ್ಲಿ ಬೇರೆ ವಿಭಾಗಕ್ಕೆ ಹೋಗಿರಬಹುದು, ಪತ್ರ ನಿಮ್ಮ ಬಳಿಯೇ ಇರುತ್ತದೆ. ಬರವಣಿಗೆಯಲ್ಲಿ ಕೊಡಲು ಒಪ್ಪದಿದ್ದರೆ ಆ ಆರು ತಿಂಗಳನ್ನು ಲೆಕ್ಕದಿಂದ ಬಿಟ್ಟು, 80ಕ್ಕೇ ಈ ಕೆಲಸ ನಿಮಗೆ ಒಪ್ಪಿಗೆಯೇ ಎಂದು ತೀರ್ಮಾನಿಸಿ.