ಮಾಂದಲ್‌ಪಟ್ಟಿಗೆ ಜೀಪು, ಮಾತಿಗೆ ಬಸ್ಸು

ಮಡಿಕೇರಿಯಲ್ಲಿ ಆಪ್ತ ಸಮಾಲೋಚನೆಗೆ ನನ್ನ ಹತ್ತಿರ ಬರುವ ಹುಡುಗರದ್ದು ಹೆಚ್ಚಾಗಿ ಒಂದೇ ದೂರು. "ಮೇಡಂ, ಅಷ್ಟೊಂದು ಖರ್ಚು ಮಾಡಿ ಕರ್ಕೊಂಡು ಹೋದೆ. ಆಮೇಲೆ ಅವಳು ಸರಿಯಾಗಿ ಮೆಸೇಜೂ ಮಾಡ್ತಿಲ್ಲ." ಹೋದಾಗ ಏನು ಮಾತಾಡಿದಿರಿ ಅಂತ ಕೇಳುತ್ತೇನೆ. ಫ್ಯಾನ್ ನೋಡುತ್ತಾ ಕೂರುತ್ತಾರೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮೊದಲ ಕೆಲಸ, ಹದಿನಾರು ಸಾವಿರ ಸಂಬಳ. ಹುಡುಗಿ ಡಿಗ್ರಿ ಕೊನೇ ವರ್ಷ. ಮೊದಲ ಸಲ ಹೊರಗೆ ಹೋಗಿದ್ದು ಮಾಂದಲ್‌ಪಟ್ಟಿಗೆ. ಜೀಪಿನಲ್ಲಿ ಇನ್ನೂ ನಾಲ್ಕು ಜನ ಪ್ರವಾಸಿಗರು. ಹಿಂದೆ ಕೂತು ಕಂಬಿ ಹಿಡಿದುಕೊಂಡರೆ ಹಲ್ಲು ಕಚ್ಚಿಕೊಳ್ಳುವುದೇ ಕೆಲಸ, ಮಾತೆಲ್ಲಿ? ಮೇಲೆ ಹೋದರೆ ಗಾಳಿ, ಮಂಜು, ಫೋಟೋ. ವಾಪಸ್ ಬಂದು ಒಂದು ದೊಡ್ಡ ಹೋಟೆಲಿನಲ್ಲಿ ಊಟ. ಎಲ್ಲ ಸೇರಿ ಮೂರು ಸಾವಿರ ಹೋಯಿತು. ಅವಳ ಮನೆಯಲ್ಲಿ ಯಾರ್‍ಯಾರಿದ್ದಾರೆ ಅನ್ನುವುದು ಕೂಡ ಅವನಿಗೆ ಗೊತ್ತಾಗಿರಲಿಲ್ಲ.

ಮುಂದೆ ಒಂದು ದಿನ ಅವಳೂ ಜೊತೆಗೆ ಬಂದಳು. ಅವಳು ಹೇಳಿದ್ದು ಹೀಗೆ. "ಅಷ್ಟು ಖರ್ಚು ಮಾಡಿದಾರಲ್ಲ, ಚೆನ್ನಾಗಿತ್ತು ಅನ್ನಲೇಬೇಕು ಅನ್ನಿಸ್ತಿತ್ತು ಮೇಡಂ. ಹಾಗಾಗಿ ಏನೂ ಹೇಳೋಕೆ ಆಗ್ಲಿಲ್ಲ." ಹುಡುಗನ ಮುಖ ನೋಡಬೇಕಿತ್ತು ನೀವು.

ದುಡ್ಡು ಉಳಿಸಿ ಅಂದಾಗ ಈ ಮಕ್ಕಳಿಗೆ ಕೇಳಿಸುವುದು 'ಕಡಿಮೆ ದರ್ಜೆಯ ಜಾಗಕ್ಕೆ ಹೋಗಿ' ಅಂತ. ನಾನು ಹೇಳುತ್ತಿರುವುದು ಅದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಅದಕ್ಕೇ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ. ಹೊಸಬರಿಬ್ಬರ ನಡುವೆ ಮಾತು ನಿಂತು ನಿಂತು ಬರುತ್ತದೆ. ಹಾಗೆ ನಿಂತಾಗ ಮುಜುಗರವಾಗದ ಜಾಗ ಬೇಕು. ಕೆಫೆಯಲ್ಲಿ ಎದುರು ಬದುರು ಕೂತರೆ ಹತ್ತು ಸೆಕೆಂಡ್ ಸುಮ್ಮನಿದ್ದರೂ ಒಂದು ಗಂಟೆ ಆದ ಹಾಗೆ ಅನ್ನಿಸುತ್ತದೆ. ಆಗ ಕೈ ಮೊಬೈಲಿಗೆ ಹೋಗುತ್ತದೆ. ಅದೇ ಪಕ್ಕದಲ್ಲಿ ಕೂತು ಇಬ್ಬರೂ ಒಂದೇ ಕಡೆ ನೋಡುತ್ತಿದ್ದರೆ, ಸುಮ್ಮನಿರುವುದು ಅಂದರೆ ಕಿಟಕಿಯಾಚೆ ನೋಡುವುದು, ಅಷ್ಟೇ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮಾತು ಬರಬೇಕಾದಾಗ ಬರುತ್ತದೆ.

ಅದಕ್ಕೇ ನಾನು ಹೇಳುವುದು ಬಸ್ಸು. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು ಮೂವತ್ತು ಕಿಲೋಮೀಟರು, ಗಂಟೆಯೊಳಗೆ ತಲುಪುತ್ತದೆ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸೇ ಹತ್ತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ. ಯಾರು ಕೊಡಬೇಕು ಅನ್ನುವ ತಿಕ್ಕಾಟವೇ ಇಲ್ಲ. ಮುಂದಿನ ಸೀಟುಗಳು ಮಹಿಳೆಯರಿಗೆ ಮೀಸಲು, ಅಲ್ಲಿ ಹೋಗಿ ಕೂತು ಬೈಸಿಕೊಳ್ಳಬೇಡಿ. ತೀರಾ ಹಿಂದೆ ಕೂತರೆ ಇಳಿಜಾರಿನ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತದೆ. ಹಿಂದಿನ ಚಕ್ರಕ್ಕಿಂತ ಮುಂದೆ, ನಡುಭಾಗದ ಇಬ್ಬರ ಸೀಟು ಹಿಡಿಯಿರಿ. ಕಿಟಕಿ ಯಾರಿಗೆ ಅಂತ ಅವಳನ್ನು ಕೇಳಿ. ಆ ಪ್ರಶ್ನೆಯಿಂದಲೇ ಮಾತು ಶುರುವಾಗಿದ್ದನ್ನು ಕಂಡಿದ್ದೇನೆ.

ನಮ್ಮ ಹುಡುಗ ಎರಡನೇ ಸಲ ಹೀಗೇ ಹೋದ. ಮಾರ್ಚ್ ತಿಂಗಳು, ಹೂಮಳೆ ಬಿದ್ದು ಒಂದು ವಾರವಾಗಿತ್ತು. ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ. ಸುಂಟಿಕೊಪ್ಪ ಹತ್ತಿರ ಬರುವಾಗ ಅವಳೇ ಹೇಳಿದಳಂತೆ, "ಇಲ್ಲೇ ಒಳಗಡೆ ನಮ್ಮ ಅಜ್ಜಿ ಮನೆ ಇತ್ತು."

ಇಲ್ಲಿ ಸ್ವಲ್ಪ ನಿಲ್ಲಿ. ನೂರಕ್ಕೆ ತೊಂಬತ್ತು ಹುಡುಗರು ಇಲ್ಲಿ ಮಾಡುವ ಕೆಲಸ, "ಓ ಹೌದಾ, ನಮ್ಮ ಅಜ್ಜಿ ಮನೆ ನಾಪೋಕ್ಲಲ್ಲಿ" ಅಂತ ಗಾಡಿ ತಮ್ಮ ಕಡೆ ತಿರುಗಿಸುವುದು. ಇಲ್ಲದಿದ್ದರೆ ಮನಸ್ಸಿನಲ್ಲಿರುವ ಪಟ್ಟಿಯ ಮುಂದಿನ ಪ್ರಶ್ನೆಗೆ ಹಾರುವುದು. ನಿನ್ನ ಹಾಬಿ ಏನು, ಯಾವ ನಟ ಇಷ್ಟ. ಅದು ಕೆಲಸದ ಇಂಟರ್‌ವ್ಯೂ. ಹೋಗುವ ಮೊದಲು ಇವನಿಗೆ ನಾನು ಕೊಟ್ಟಿದ್ದು ಒಂದೇ ಪಾಠ, ಅವಳು ಹೇಳಿದ ಮಾತಿನ ಒಳಗಿಂದಲೇ ಇನ್ನೊಂದು ಪ್ರಶ್ನೆ ತೆಗಿ ಅಂತ. ಪುಣ್ಯಾತ್ಮ ನೆನಪಿಟ್ಟುಕೊಂಡಿದ್ದ. "ಇತ್ತು ಅಂದ್ರೆ? ಈಗಿಲ್ವಾ?" ಅಂದ. ಮನೆ ಮಾರಿದ್ದು, ಅಪ್ಪ ಆ ವರ್ಷ ಯಾರ ಜೊತೆಯೂ ಮಾತಾಡದೆ ಇದ್ದದ್ದು, ಕಣದಲ್ಲಿ ಕಾಫಿ ಒಣಗಿಸುವಾಗ ಅಜ್ಜಿ ಇವಳನ್ನು ಕೋಳಿ ಓಡಿಸಲು ಕೂರಿಸುತ್ತಿದ್ದದ್ದು, ಎಲ್ಲ ಬಂತು. ಅಜ್ಜಿ ಒಂದು ಉದ್ದ ಕೋಲು ಕೊಟ್ಟು ಕೂರಿಸುತ್ತಿದ್ದರಂತೆ, ಇವಳು ಅದರಲ್ಲಿ ಕಾಫಿಯ ಮೇಲೆ ತನ್ನ ಹೆಸರು ಬರೆದು ಬೈಸಿಕೊಳ್ಳುತ್ತಿದ್ದಳಂತೆ. ಕುಶಾಲನಗರ ಬಂದದ್ದೇ ಗೊತ್ತಾಗಲಿಲ್ಲ ಅಂದ.

ಇದು ಬರೀ ನನ್ನ ಅನುಭವ ಅಲ್ಲ. 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೆಲವೇ ನಿಮಿಷ ಭೇಟಿಯಾಗುವ ಸ್ಪೀಡ್ ಡೇಟಿಂಗ್‌ನ ಮಾತುಕತೆಗಳನ್ನೂ ನೋಡಿದ್ದರು. ಎದುರಿನವರ ಮಾತನ್ನು ಹಿಡಿದು ಮುಂದಿನ ಪ್ರಶ್ನೆ ಕೇಳಿದವರಿಗೆ ಎರಡನೇ ಭೇಟಿಗೆ ಒಪ್ಪಿಗೆ ಸಿಕ್ಕಿದ್ದು ಜಾಸ್ತಿ. ಹಾಗಂತ ಪ್ರಶ್ನೆ ಕೇಳಿದರೆ ಪ್ರೀತಿ ಗ್ಯಾರಂಟಿ ಅಂತ ನಾನು ಹೇಳುತ್ತಿಲ್ಲ. ಬರೀ ಕೇಳುತ್ತಾ ಹೋದರೂ ಪೊಲೀಸ್ ವಿಚಾರಣೆ ಆಗುತ್ತದೆ. ಎರಡು ಪ್ರಶ್ನೆ ಕೇಳಿ, ನಿಮ್ಮದೂ ಒಂದು ಹೇಳಿ. ಅವಳು ಮನೆ ಮಾರಿದ ಕಥೆ ಹೇಳಿದ ಮೇಲೆ ಇವನು ಪಿಯುಸಿಯಲ್ಲಿ ಫೇಲಾಗಿದ್ದನ್ನು ಹೇಳಿದ. ನನಗೇ ಅದನ್ನು ಹೇಳಿರಲಿಲ್ಲ, ಕಳ್ಳ.

ಕುಶಾಲನಗರಕ್ಕೆ ಸ್ವಲ್ಪ ಮೊದಲೇ ಇಳಿದರೆ ಕಾವೇರಿ ನಿಸರ್ಗಧಾಮ. ತೂಗುಸೇತುವೆ ದಾಟಿ ಬಿದಿರಿನ ನಡುವೆ ಅಡ್ಡಾಡಬಹುದು, ಟಿಕೆಟ್ ಇದೆ. ಭಾನುವಾರ ಬೇಡ, ಜನ ಜಾಸ್ತಿ. ಇಷ್ಟ ಇಲ್ಲದಿದ್ದರೆ ಸ್ಟ್ಯಾಂಡಿನ ಹತ್ತಿರ ಒಂದೊಂದು ಕಾಫಿ ಕುಡಿದು ಮುಂದಿನ ಬಸ್ಸಿಗೆ ವಾಪಸ್ ಬನ್ನಿ. ಇವರು ಮಾಡಿದ್ದು ಅದನ್ನೇ. ಇಬ್ಬರಿಗೂ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ. ಬಸ್ಸಿನ ಇನ್ನೊಂದು ಅನುಕೂಲ, ಅದು ಊರು ಬಂದಾಗ ತಾನಾಗಿ ಮುಗಿಯುತ್ತದೆ. ಬೇಜಾರಾದರೆ 'ಹೊರಡೋಣ' ಅಂತ ಯಾರೂ ಹೇಳಬೇಕಾಗಿಲ್ಲ.

ಹುಡುಗಿಯರಿಗೆ ಒಂದು ಮಾತು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬ ಗೆಳತಿಗೆ ತಿಳಿಸಿರಿ. ಕತ್ತಲಾಗುವ ಮುಂಚೆ ಇರುವ ಬಸ್ಸು ನೋಡಿಟ್ಟುಕೊಳ್ಳಿ. ಇನ್ನು ನಮ್ಮ ಊರಲ್ಲಿ ಬಸ್ಸಿಗೆ ಒಬ್ಬರಾದರೂ ಪರಿಚಯದ ಅಂಕಲ್ ಹತ್ತೇ ಹತ್ತುತ್ತಾರೆ. ಮನೆಯಲ್ಲಿ ಅದರಿಂದ ನಿಜವಾಗಿ ತೊಂದರೆ ಆಗುವ ಪರಿಸ್ಥಿತಿ ಇದ್ದರೆ ಈ ಸಲಹೆ ನಿಮಗಲ್ಲ, ಮೊದಲು ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕವೂ ಇದು ನಡೆಯುವುದಿಲ್ಲ. ಕಿಟಕಿಯ ಶಟರ್ ಇಳಿಸಿರುತ್ತಾರೆ, ಒಳಗೆ ಒದ್ದೆ ಕೊಡೆಗಳು, ನೀರು ಹೆಚ್ಚಾದರೆ ನಿಸರ್ಗಧಾಮವನ್ನೂ ಮುಚ್ಚುತ್ತಾರೆ. ಆಗ ಮಡಿಕೇರಿ ಕೋಟೆಯೊಳಗೆ ಒಂದು ಸುತ್ತು ಹಾಕಿ. ಅಲ್ಲಿ ಗಾರೆಯ ಎರಡು ಆನೆಗಳಿವೆ, ಒಂದು ಕೊಡೆಯಲ್ಲಿ ಇಬ್ಬರು ನೋಡಬಹುದು.

ಮೊನ್ನೆ ಹುಡುಗ ಫೋನ್ ಮಾಡಿದ್ದ. ಮುಂದಿನ ಸಲ ವಿರಾಜಪೇಟೆ ಕಡೆ ಹೋಗಲಾ ಅಂತ ಕೇಳಿದ. ಹೋಗು ಮಾರಾಯ, ಆದರೆ ಪ್ರೈವೇಟ್ ಬಸ್ಸು ಹತ್ತಿದರೆ ಡ್ರೈವರ್ ತಲೆ ಮೇಲಿನ ಸ್ಪೀಕರಿನಿಂದ ದೂರ ಕೂತ್ಕೋ ಅಂದೆ. "ಅಷ್ಟೇ ಅಲ್ಲ ಮೇಡಂ, ಅದರಲ್ಲಿ ಅವಳಿಗೂ ಟಿಕೆಟ್ ತಗೋಬೇಕು" ಅಂದ.